ಕೂದಲಂಚಿನ ಹಸಿರು ಎಲ್ಲಿಂದ ಬರುತ್ತದೆ? OBS ಕ್ರೋಮಾ ಕೀ ದೋಷ ನಿವಾರಣೆ

ಶಿವಮೊಗ್ಗದಲ್ಲಿರುವ ನನ್ನ ಅತ್ತಿಗೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಹತ್ತನೆಯ ತರಗತಿಯ ಪಾಠಗಳನ್ನು ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ರೆಕಾರ್ಡ್ ಮಾಡುತ್ತಾರೆ. ಪರದೆಯ ತುಂಬ ಚಿತ್ರಗಳಿರುವ ಸ್ಲೈಡ್, ಕೆಳಗಿನ ಬಲ ಮೂಲೆಯಲ್ಲಿ ಅವರು. ಇದು ಅವರ ಏರ್ಪಾಟು. ಗೋಡೆಗೆ ಹಸಿರು ಬಟ್ಟೆ ಕಟ್ಟಿ, OBS ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹಸಿರನ್ನು ಮಾಯ ಮಾಡುವ ಕ್ರೋಮಾ ಕೀ ಫಿಲ್ಟರ್ ಹಾಕಿದ್ದರು. ಬಟ್ಟೆಯೇನೋ ಮಾಯವಾಗಿತ್ತು. ಆದರೆ ಕೂದಲಿನ ಸುತ್ತ ಪಾಚಿ ಕಟ್ಟಿದಂತೆ ಹಸಿರು, ಭುಜದ ಮೇಲೆ ಹಸಿರು ಗೆರೆ, ಮುಖ ಬಿಳಿಚಿಕೊಂಡಂತೆ. "ಹಸಿರು ಹೋಗಲಿ ಎಂದು ಸ್ಲೈಡರ್ ಏರಿಸಿದರೆ ನಾನೇ ಕರಗಿಹೋಗುತ್ತಿದ್ದೇನೆ, ನೀನೇ ಬಂದು ನೋಡು" ಎಂದು ಫೋನ್ ಮಾಡಿದರು.

ಹೋಗಿ ನೋಡಿದಾಗ ಫಿಲ್ಟರಿನ `Similarity` ಸ್ಲೈಡರ್ 470 ಕ್ಕೆ ಏರಿತ್ತು. ಅಲ್ಲಿಂದ ಹಿಂದಕ್ಕೆ ಬಂದು, ಒಂದೊಂದಾಗಿ ಪರೀಕ್ಷಿಸಿ ಸರಿಪಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ಅಂದು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಅಂಚಿನಲ್ಲಿ ಹಸಿರು ಕಾಣಲು ಒಂದೇ ಕಾರಣವಿಲ್ಲ. ಕೆಲವು ಹಸಿರು ಕೋಣೆಯಲ್ಲಿ ಹುಟ್ಟುತ್ತವೆ, ಕೆಲವು ಕ್ಯಾಮೆರಾದೊಳಗೆ ಹುಟ್ಟುತ್ತವೆ, ಕೆಲವನ್ನು ಫಿಲ್ಟರಿನ ತಪ್ಪು ಹೊಂದಿಕೆ ಉಳಿಸಿಬಿಡುತ್ತದೆ. ಕೋಣೆಯಲ್ಲಿ ಹುಟ್ಟಿದ ಹಸಿರನ್ನು ಸ್ಲೈಡರಿನಿಂದ ತೆಗೆಯಲು ಹೊರಟರೆ ಮೈಬಣ್ಣವೂ ಅದರ ಜೊತೆಗೆ ಹೋಗುತ್ತದೆ.

ಮೊದಲು ದೋಷ ಕಾಣುವಂತೆ ಮಾಡಿಕೊಳ್ಳಿ

ಹಿಂದೆ ಸ್ಲೈಡೋ ಚಿತ್ರವೋ ಇದ್ದರೆ ಅಂಚಿನ ದೋಷ ಅದರಲ್ಲಿ ಬೆರೆತುಹೋಗುತ್ತದೆ. ಹಾಗಾಗಿ `Sources` ಪಟ್ಟಿಯಲ್ಲಿ `+` ಒತ್ತಿ ಒಂದು `Color Source` ಸೇರಿಸಿ, ಗಾಢ ಗುಲಾಬಿ ಬಣ್ಣ ಕೊಟ್ಟು, ಪಟ್ಟಿಯಲ್ಲಿ ಕ್ಯಾಮೆರಾದ ಕೆಳಗೆ ಇಡಿ. ಗುಲಾಬಿಯ ಎದುರು ಹಸಿರು ಎದ್ದು ಕಾಣುತ್ತದೆ. ಮೈಯಲ್ಲಿ ಎಲ್ಲಾದರೂ ತೂತು ಬಿದ್ದಿದ್ದರೆ ಅಲ್ಲಿ ಗುಲಾಬಿ ಇಣುಕುತ್ತದೆ. OBS ನ ಮುನ್ನೋಟದ ಕಿಟಕಿ ಚಿತ್ರವನ್ನು ಕುಗ್ಗಿಸಿ ತೋರಿಸುವುದರಿಂದ ಅದನ್ನೇ ನಂಬಬೇಡಿ. ಇಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿ, ಪೂರ್ಣ ಪರದೆಯಲ್ಲಿ ನೋಡಿ. ಆ ಇಪ್ಪತ್ತು ಸೆಕೆಂಡಿನಲ್ಲಿ ಅರ್ಧ ಹೊತ್ತು ಅಲುಗಾಡದೆ ಕುಳಿತಿರಿ, ಉಳಿದರ್ಧ ಕೈ ಬೀಸಿ, ತಲೆ ತಿರುಗಿಸಿ.

ಈ ತುಣುಕು ಹಲವು ಸಂಗತಿಗಳನ್ನು ಹೇಳುತ್ತದೆ. ಕೈ ಬೀಸಿದಾಗ ಮಾತ್ರ ಬೆರಳ ಸುತ್ತ ಹಸಿರು ಮಂಜು ಕವಿದರೆ ಅದು ಚಲನೆಯ ಮಸುಕು. ಕ್ಯಾಮೆರಾ ಪ್ರತಿ ಚೌಕಟ್ಟಿಗೂ ಬಹಳ ಹೊತ್ತು ಬೆಳಕು ಹೀರುತ್ತಿದೆ ಎಂದರ್ಥ. ಮೈಯಿಂದ ದೂರ, ಚಿತ್ರದ ಮೂಲೆಗಳಲ್ಲಿ ಹಸಿರು ತೇಪೆಗಳು ಉಳಿದಿದ್ದರೆ ಬಟ್ಟೆಗೆ ಬೆಳಕು ಸಮನಾಗಿ ಬಿದ್ದಿಲ್ಲ. ಅಲುಗಾಡದೆ ಕುಳಿತಿರುವಾಗಲೂ ಕೂದಲು, ಕೆನ್ನೆ, ಭುಜಗಳ ಅಂಚಿನಲ್ಲಿ ಹಸಿರಿದ್ದರೆ ಇನ್ನೆರಡು ಪರೀಕ್ಷೆ ಬೇಕು.

ಫಿಲ್ಟರ್ ಕಿಟಕಿಯಲ್ಲಿ `Chroma Key` ಹೆಸರಿನ ಪಕ್ಕದ ಕಣ್ಣಿನ ಚಿಹ್ನೆಯನ್ನು ಒತ್ತಿ ಫಿಲ್ಟರನ್ನು ಆಫ್ ಮಾಡಿ. ಈಗ ಕಾಣುವುದು ಕ್ಯಾಮೆರಾ ಕಂಡ ನಿಜವಾದ ಚಿತ್ರ. ಇದರಲ್ಲೇ ಕೆನ್ನೆಯ ಬದಿ, ಕಿವಿಯ ಹಿಂಭಾಗ ಹಸಿರಾಗಿದೆಯೇ? ಹೌದಾದರೆ ಬಟ್ಟೆಯ ಮೇಲೆ ಬಿದ್ದ ಬೆಳಕು ಹಸಿರಾಗಿ ಚಿಮ್ಮಿ ಮೈಮೇಲೆ ಬೀಳುತ್ತಿದೆ. ಆ ಹಸಿರು ಅಂಚಿನದಲ್ಲ, ನಿಜಕ್ಕೂ ಚರ್ಮದ ಮೇಲಿರುವ ಬೆಳಕು. ಖಚಿತಪಡಿಸಿಕೊಳ್ಳಲು ಕುರ್ಚಿಯನ್ನು ಎರಡು ಮೂರು ಅಡಿ ಮುಂದಕ್ಕೆ ಎಳೆದು ನೋಡಿ. ಬಟ್ಟೆಯಿಂದ ಚಿಮ್ಮಿದ ಬೆಳಕಾದರೆ ದೂರ ಹೋದಂತೆ ತಗ್ಗುತ್ತದೆ. ತಗ್ಗದೆ, ಒಂದೆರಡು ಪಿಕ್ಸೆಲ್ ದಪ್ಪದ ತೆಳು ಗೆರೆಯಾಗಿ ಎಲ್ಲ ಅಂಚಿಗೂ ಒಂದೇ ಸಮ ಅಂಟಿಕೊಂಡಿದ್ದರೆ ಅದು ಕ್ಯಾಮೆರಾದೊಳಗೆ ಹುಟ್ಟಿದ್ದು. ಒಂದು ರಟ್ಟಿನ ಹಾಳೆಯನ್ನು ನೇರವಾಗಿ ಹಿಡಿದರೆ ಅದರ ಅಂಚಿಗೂ ಅದೇ ಗೆರೆ ಅಂಟಿರುವುದು ಕಾಣುತ್ತದೆ.

ಅತ್ತಿಗೆಯ ತುಣುಕಿನಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಇದ್ದವು: ಮೂಲೆಯಲ್ಲಿ ತೇಪೆ, ಕೆನ್ನೆಯ ಮೇಲೆ ಚಿಮ್ಮಿದ ಬೆಳಕು, ರಟ್ಟಿನ ಅಂಚಿಗೂ ಅಂಟುವ ತೆಳು ಗೆರೆ. ಜೊತೆಗೆ ನಾವು ನಿರೀಕ್ಷಿಸದ ಇನ್ನೊಂದು. ಅವರು ಕೈ ಎತ್ತಿದಾಗ ಮಣಿಕಟ್ಟಿನಲ್ಲಿ ಗುಲಾಬಿ ಪಟ್ಟಿ ಕಂಡಿತು. ಅಂಗೈ ತೋಳಿನಿಂದ ಕಡಿದು ಬೇರೆಯಾದಂತೆ ಗಾಳಿಯಲ್ಲಿ ತೇಲುತ್ತಿತ್ತು. ಹಸಿರು ಗಾಜಿನ ಬಳೆಗಳು ಬಟ್ಟೆಯ ಜೊತೆಗೇ ಮಾಯವಾಗಿದ್ದವು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಫಿಲ್ಟರ್ ಏನು ಅಳೆಯುತ್ತದೆ

ಸ್ಲೈಡರುಗಳನ್ನು ಮುಟ್ಟುವ ಮೊದಲು ಅವು ಏನನ್ನು ಅಳೆಯುತ್ತವೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕ್ಯಾಮೆರಾ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Filters` ಗೆ ಹೋಗಿ, `Effect Filters` ಅಡಿಯಲ್ಲಿ `Chroma Key` ಸೇರಿಸಿದರೆ ಮುಖ್ಯವಾಗಿ ಮೂರು ಸ್ಲೈಡರುಗಳು ಸಿಗುತ್ತವೆ. ಮೊದಲೇ ಇರುವ ಬೆಲೆಗಳು ಇವು:

```
Key Color Type            : Green
Similarity                : 400
Smoothness                : 80
Key Color Spill Reduction : 100
```

ಫಿಲ್ಟರ್ ಪ್ರತಿ ಪಿಕ್ಸೆಲಿನಿಂದ ಹೊಳಪನ್ನು ಬದಿಗಿರಿಸಿ, ಬಣ್ಣವನ್ನು ಹೇಳುವ ಎರಡು ಅಂಶಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆ ಬಣ್ಣ ಅಚ್ಚ ಹಸಿರಿನಿಂದ ಎಷ್ಟು ದೂರವಿದೆ ಎಂದು ಅಳೆಯುತ್ತದೆ. ದೂರ `Similarity` ಗಿಂತ ಕಡಿಮೆಯಿದ್ದರೆ ಪಿಕ್ಸೆಲ್ ಪೂರ್ತಿ ಮಾಯ. ಅದರಾಚೆ, `Smoothness` ನಷ್ಟು ಅಗಲದ ಪಟ್ಟಿಯಲ್ಲಿ ಅರೆಪಾರದರ್ಶಕ. `Key Color Spill Reduction` ಕೂಡ ಅದೇ ಗಡಿಯಿಂದ ಆರಂಭವಾಗುತ್ತದೆ, ಆದರೆ ಅದು ಪಿಕ್ಸೆಲನ್ನು ಮಾಯ ಮಾಡುವುದಿಲ್ಲ, ಬಣ್ಣ ಹೀರಿ ಬೂದಿಯತ್ತ ತಳ್ಳುತ್ತದೆ. ಹಸಿರನ್ನೇ ಆರಿಸಿ ತೆಗೆಯುವ ಜಾಣತನ ಅದಕ್ಕಿಲ್ಲ. ಗಡಿಯೊಳಗೆ ಸಿಕ್ಕಿದ್ದು ಹಸಿರಂಚಾದರೂ ಸರಿ, ಕೆನ್ನೆಯಾದರೂ ಸರಿ, ಬಣ್ಣ ಹೋಗುತ್ತದೆ. ಅತ್ತಿಗೆಯ ಮುಖ ಬಿಳಿಚಿಕೊಂಡದ್ದು ಹೀಗೆ.

OBS ನ ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ, ಅದರ ಸೂತ್ರಕ್ಕೆ ನಮ್ಮ ಕೋಣೆಯ ಬಣ್ಣಗಳನ್ನು ಹಾಕಿ ಲೆಕ್ಕ ಮಾಡಿದೆ. ಸ್ಲೈಡರಿನ ಅಳತೆಯಲ್ಲೇ ಹೇಳುವುದಾದರೆ, `Green` ಆಯ್ದುಕೊಂಡಾಗ ಬಿಳಿ, ಬೂದಿ, ಕಪ್ಪು ಎಲ್ಲವೂ ಅಚ್ಚ ಹಸಿರಿನಿಂದ ಸುಮಾರು 520 ರ ದೂರದಲ್ಲಿರುತ್ತವೆ, ಏಕೆಂದರೆ ಇವು ಮೂರಕ್ಕೂ ಬಣ್ಣವೆಂಬುದಿಲ್ಲ. ಅತ್ತಿಗೆಯ ಮೈಬಣ್ಣ ಸುಮಾರು 550 ರಲ್ಲಿತ್ತು. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. `Similarity` ಮತ್ತು `Smoothness` ಕೂಡಿದರೆ 520 ದಾಟಬಾರದು. ದಾಟಿದರೆ ಬಿಳಿ ಕುಪ್ಪಸ, ಹಲ್ಲು, ನರೆಗೂದಲು, ಕನ್ನಡಕದ ಬೆಳ್ಳಿ ಕಟ್ಟು ಅರೆಪಾರದರ್ಶಕವಾಗತೊಡಗುತ್ತವೆ. `Similarity` ಮತ್ತು ಸ್ಪಿಲ್ ಕೂಡಿದರೆ 550 ರ ಆಸುಪಾಸಿನಲ್ಲೇ ನಿಲ್ಲಬೇಕು. ದಾಟಿದರೆ ಮುಖ ಬಣ್ಣ ಕಳೆದುಕೊಳ್ಳುತ್ತದೆ. ಮೊದಲೇ ಇರುವ ಬೆಲೆಗಳಲ್ಲಿ ಈ ಮೊತ್ತಗಳು 480 ಮತ್ತು 500, ಎರಡೂ ಗಡಿಯೊಳಗೇ ಇವೆ. ಅತ್ತಿಗೆ `Similarity` ಯನ್ನು 470 ಕ್ಕೆ ಏರಿಸಿ ಉಳಿದೆರಡನ್ನು ಹಾಗೆಯೇ ಬಿಟ್ಟಿದ್ದರು. ಮೊತ್ತ 550 ಮತ್ತು 570. ನರೆಗೂದಲು ಹೆಚ್ಚುಕಡಿಮೆ ಅರ್ಧ ಕರಗಿತ್ತು, ಕೆನ್ನೆಯ ಬಣ್ಣದಲ್ಲಿ ಕಾಲು ಭಾಗಕ್ಕೂ ಹೆಚ್ಚು ಇಂಗಿಹೋಗಿತ್ತು.

ಹಾಗಾದರೆ ಅವರು 470 ರವರೆಗೆ ಏಕೆ ಏರಿಸಬೇಕಾಯಿತು? ಉತ್ತರ ಬಟ್ಟೆಯಲ್ಲಿದೆ.

ಬಟ್ಟೆಯನ್ನು ಅಳೆಯಿರಿ

ಫಿಲ್ಟರಿನ ಕಣ್ಣನ್ನು ಮುಚ್ಚಿ, `Key Color Type` ಅನ್ನು ತಾತ್ಕಾಲಿಕವಾಗಿ `Custom` ಮಾಡಿ, ಬಣ್ಣ ಆಯ್ಕೆಯ ಕಿಟಕಿ ತೆರೆಯಿರಿ. ಅಲ್ಲಿ `Pick Screen Color` ಎಂಬ ಗುಂಡಿಯಿದೆ. ಅದನ್ನು ಒತ್ತಿ ಮುನ್ನೋಟದಲ್ಲಿ ಬಟ್ಟೆಯ ಮೇಲೆ ಕ್ಲಿಕ್ ಮಾಡಿದರೆ ಆ ಜಾಗದ ಕೆಂಪು, ಹಸಿರು, ನೀಲಿ ಅಂಕಿಗಳು ಸಿಗುತ್ತವೆ. ಫಿಲ್ಟರ್ ಆಫ್ ಮಾಡದೆ ಕ್ಲಿಕ್ ಮಾಡಿದರೆ ಹಿಂದಿನ ಗುಲಾಬಿಯ ಅಂಕಿ ಸಿಗುತ್ತದೆ, ಬಟ್ಟೆಯದಲ್ಲ. ತಲೆಯ ಪಕ್ಕ ಒಂದು, ನಾಲ್ಕು ಮೂಲೆಗಳಲ್ಲಿ ಒಂದೊಂದು ಅಂಕಿ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ `Cancel` ಒತ್ತಿ, ಮರಳಿ `Green` ಗೆ ಬನ್ನಿ.

ಅತ್ತಿಗೆಯ ಬಟ್ಟೆಯ ನಡುವೆ 60, 140, 70 ಬಂದಿತು. ಕೆಳಗಿನ ಎಡ ಮೂಲೆಯಲ್ಲಿ 30, 70, 35. ಅಂದರೆ ಅಂಕಿಗಳು ನಡುವಿನವುಗಳ ಅರ್ಧ. ಕೋಣೆಯಲ್ಲಿದ್ದುದು ತಲೆಯ ಮೇಲಿನ ಒಂದೇ ಟ್ಯೂಬ್‌ಲೈಟ್. ಬಟ್ಟೆಯ ಮೇಲ್ಭಾಗಕ್ಕೆ ಅದರ ಬೆಳಕು ಸಿಗುತ್ತಿತ್ತು, ಕೆಳಭಾಗಕ್ಕೆ ಅವರದೇ ನೆರಳು ಬೀಳುತ್ತಿತ್ತು.

ಫಿಲ್ಟರ್ ಹೊಳಪನ್ನು ಬದಿಗಿಡುತ್ತದೆ ಎಂದೆನಲ್ಲ, ಹಾಗಿದ್ದರೆ ಕತ್ತಲ ಮೂಲೆಯೂ ಹಸಿರೇ ಅಲ್ಲವೇ ಎಂದು ಕೇಳಬಹುದು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬೆಳಕು ಕುಗ್ಗಿದಾಗ ಬಣ್ಣದ ಆ ಎರಡು ಅಂಶಗಳೂ ಜೊತೆಗೇ ಕುಗ್ಗುತ್ತವೆ, ಬಟ್ಟೆ ಬೂದಿಯ ಕಡೆಗೆ ಸರಿಯುತ್ತದೆ. ನಡುವಿನ ಬಟ್ಟೆ ಅಚ್ಚ ಹಸಿರಿನಿಂದ ಸುಮಾರು 370 ದೂರವಿತ್ತು, ಹಾಗಾಗಿ 400 ಕ್ಕೇ ಮಾಯವಾಗುತ್ತಿತ್ತು. ಮೂಲೆ ಸುಮಾರು 445 ದೂರ. ಅದನ್ನು ಅಳಿಸಲೆಂದೇ 470 ಕ್ಕೆ ಏರಿಸಿದ್ದರು. ನೋಡಲು ಯಾರೂ ಇಲ್ಲದ ಮೂಲೆಗಾಗಿ ಮುಖವನ್ನು ಕಳೆದುಕೊಂಡಂತಾಗಿತ್ತು.

ಮೂಲೆಯನ್ನು ಫಿಲ್ಟರಿನಿಂದ ಅಳಿಸುವ ಅಗತ್ಯವೇ ಇರಲಿಲ್ಲ. ಮುನ್ನೋಟದಲ್ಲಿ ಕ್ಯಾಮೆರಾ ಚಿತ್ರವನ್ನು ಆಯ್ದು, `Alt` ಒತ್ತಿ ಹಿಡಿದು ಅದರ ಬದಿಯನ್ನು ಒಳಕ್ಕೆ ಎಳೆದರೆ ಚಿತ್ರ ಕುಗ್ಗುವುದಿಲ್ಲ, ಕತ್ತರಿಸಿಹೋಗುತ್ತದೆ. ಕೈ ಚಾಚಿದರೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಎರಡು ಬದಿಯನ್ನೂ ಕತ್ತರಿಸಿದೆವು. ತೇಪೆಯ ಸಮಸ್ಯೆ ಬಹುಪಾಲು ಅಲ್ಲೇ ಮುಗಿಯಿತು.

ಕೋಣೆಯಲ್ಲಿ ಮಾಡಿದ ಬದಲಾವಣೆ

ಕುರ್ಚಿ ಬಟ್ಟೆಯಿಂದ ಒಂದೂವರೆ ಅಡಿ ದೂರದಲ್ಲಿತ್ತು. ಅಷ್ಟು ಹತ್ತಿರದಲ್ಲಿ ಹಸಿರು ಬಟ್ಟೆಯೇ ಒಂದು ಹಸಿರು ದೀಪದಂತೆ ವರ್ತಿಸುತ್ತದೆ. ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಬಟ್ಟೆಯನ್ನು ಚಿಕ್ಕ ಬದಿಯ ಗೋಡೆಗೆ ಕಟ್ಟಿ, ಕುರ್ಚಿಯನ್ನು ಐದು ಅಡಿ ಮುಂದೆ, ಕ್ಯಾಮೆರಾವನ್ನು ಅಲ್ಲಿಂದ ಇನ್ನೂ ಮೂರು ಅಡಿ ಮುಂದೆ ಇಟ್ಟೆವು. ಇದಕ್ಕೊಂದು ಬೆಲೆಯಿದೆ: ದೂರ ಸರಿದಂತೆ ಬಟ್ಟೆ ಚಿತ್ರದಲ್ಲಿ ಚಿಕ್ಕದಾಗುತ್ತದೆ. ಆರಡಿ ಅಗಲದ ಬಟ್ಟೆ ಭುಜಗಳ ಎರಡೂ ಬದಿಗೆ ಒಂದೊಂದು ಅಡಿಯಷ್ಟೇ ಉಳಿಯಿತು. ತೋಳನ್ನು ಪೂರ್ತಿ ಚಾಚಿದರೆ ಬೆರಳು ಬಟ್ಟೆಯ ಹೊರಗಿನ ಗೋಡೆಯ ಮೇಲೆ ಬಂದು ಕತ್ತರಿಸಿಹೋಗುತ್ತಿತ್ತು. ಮೈಗೆ ಹತ್ತಿರ ಕೈ ಆಡಿಸುವುದನ್ನು ಅವರು ಎರಡು ಪಾಠಗಳಲ್ಲಿ ರೂಢಿಸಿಕೊಂಡರು.

ಬಟ್ಟೆಗೆಂದೇ ಬೇರೆ ದೀಪಗಳು ಬೇಕು. ಎರಡು ಎಲ್‌ಇಡಿ ಬಲ್ಬುಗಳನ್ನು ಬಟ್ಟೆಯ ಎಡಕ್ಕೊಂದು ಬಲಕ್ಕೊಂದು, ಚಿತ್ರದಲ್ಲಿ ಕಾಣದಂತೆ, ಬಟ್ಟೆಯತ್ತ ಓರೆಯಾಗಿ ತಿರುಗಿಸಿ ನಿಲ್ಲಿಸಿದೆವು. ಮುಖಕ್ಕೆ ಮುಂದಿನಿಂದ ಬೇರೊಂದು ದೀಪ. ಕಿಟಕಿಯ ಪರದೆ ಎಳೆದೆವು. ಮೋಡ ಕವಿದು ಸರಿದಂತೆಲ್ಲ ಬಟ್ಟೆಯ ಬಣ್ಣ ಬದಲಾಗುತ್ತಿದ್ದರೆ ಯಾವ ಅಂಕಿಯೂ ನಿಲ್ಲುವುದಿಲ್ಲ. ಬಟ್ಟೆಯನ್ನು ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಿದೆವು, ಏಕೆಂದರೆ ಒಂದೊಂದು ಸುಕ್ಕಿಗೂ ಒಂದು ನೆರಳು. ಸ್ಯಾಟಿನ್‌ನಂಥ ಮಿನುಗುವ ಬಟ್ಟೆಯಾಗಿದ್ದರೆ ಬದಲಿಸಲೇಬೇಕಾಗುತ್ತಿತ್ತು. ಮಿನುಗುವ ಕಡೆ ಬಟ್ಟೆ ಹಸಿರಾಗಿ ಕಾಣದೆ ಬೆಳ್ಳಗೆ ಕಾಣುತ್ತದೆ, ಬಿಳಿ 520 ರಲ್ಲಿದೆ.

ಮತ್ತೆ ಅಳೆದಾಗ ನಡುವೆ 60, 190, 80 ಬಂದಿತು, ಕತ್ತರಿಸಿದ ನಂತರ ಉಳಿದ ಅತಿ ಮಂಕು ಜಾಗದಲ್ಲಿ 50, 160, 66. ಲೆಕ್ಕದಲ್ಲಿ ಇವು ಸುಮಾರು 280 ಮತ್ತು 315. ಮೊದಲು 470 ಬೇಕಾಗಿದ್ದ ಕಡೆ ಈಗ 340 ಸಾಕು. ಫಿಲ್ಟರಿಗೆ ಇನ್ನೂ ಕೈ ಹಾಕದೆಯೇ ಕೆನ್ನೆಯ ಹಸಿರು ಹೋಗಿತ್ತು, ಭುಜದ ಮೇಲಿನದು ಬಹಳ ತಗ್ಗಿತ್ತು.

ಕ್ಯಾಮೆರಾದೊಳಗಿನ ಗೆರೆ

ರಟ್ಟಿನ ಅಂಚಿನ ತೆಳು ಗೆರೆ ಮಾತ್ರ ಹಾಗೆಯೇ ಇತ್ತು. ಇದರ ಕಾರಣ ವೆಬ್‌ಕ್ಯಾಮ್ ಚಿತ್ರ ಕಳಿಸುವ ರೀತಿ. ಹೊಳಪನ್ನು ಪ್ರತಿ ಪಿಕ್ಸೆಲಿಗೂ ಕಳಿಸುವ ಕ್ಯಾಮೆರಾ, ಬಣ್ಣವನ್ನು ಅಕ್ಕಪಕ್ಕದ ಎರಡು ಪಿಕ್ಸೆಲುಗಳಿಗೆ ಒಂದರಂತೆ, ಕೆಲವು ರೂಪಗಳಲ್ಲಿ ನಾಲ್ಕಕ್ಕೆ ಒಂದರಂತೆ ಕಳಿಸುತ್ತದೆ. ಸಾಮಾನ್ಯ ನೋಟಕ್ಕೆ ಇದು ತಿಳಿಯುವುದೇ ಇಲ್ಲ. ಆದರೆ ಕ್ರೋಮಾ ಕೀ ನೋಡುವುದೇ ಬಣ್ಣವನ್ನು. ಕೂದಲಿನ ಕೊನೆಯ ಪಿಕ್ಸೆಲ್ ತನ್ನ ಪಕ್ಕದ ಬಟ್ಟೆಯ ಜೊತೆ ಬಣ್ಣ ಹಂಚಿಕೊಂಡಿರುತ್ತದೆ. ಚಿತ್ರವನ್ನು ಸಂಕೋಚಿಸಿ ಕಳಿಸುವ `MJPEG` ರೂಪವಾದರೆ ಅದರ ಮೇಲೆ ಸಂಕೋಚನದ ಕಲೆಗಳೂ ಸೇರುತ್ತವೆ.

ಹಾಗಾದರೆ ಸಂಕೋಚನವಿಲ್ಲದ `YUY2` ಆಯ್ದುಕೊಳ್ಳಬಾರದೇಕೆ? ಕ್ಯಾಮೆರಾದ `Properties` ನಲ್ಲಿ `Resolution/FPS Type` ಅನ್ನು `Custom` ಮಾಡಿದರೆ `Video Format` ನಲ್ಲಿ ಅದು ಸಿಗುತ್ತದೆ. ತೊಂದರೆ ಏನೆಂದರೆ 1280×720 ಗಾತ್ರ, ಸೆಕೆಂಡಿಗೆ 30 ಚೌಕಟ್ಟು, ಪಿಕ್ಸೆಲಿಗೆ 2 ಬೈಟ್ ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 55 ಮೆಗಾಬೈಟ್ ಆಗುತ್ತದೆ. ಯುಎಸ್‌ಬಿ 2.0 ತಂತಿಯ ಕಾಗದದ ಮೇಲಿನ ಮಿತಿಯೇ 60. ನಿಜವಾಗಿ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಆದ್ದರಿಂದ ಇಂಥ ಕ್ಯಾಮೆರಾಗಳು ಆ ಗಾತ್ರದಲ್ಲಿ `YUY2` ಕೊಟ್ಟರೂ ಸೆಕೆಂಡಿಗೆ ಹತ್ತು ಚೌಕಟ್ಟಿನ ಆಸುಪಾಸಿಗೆ ಇಳಿಯುತ್ತವೆ, ಮಾತಿಗೂ ತುಟಿಗೂ ಹೊಂದುವುದಿಲ್ಲ.

ನಮಗೆ ಕೆಲಸ ಮಾಡಿದ ದಾರಿ ಬೇರೆ. ಅತ್ತಿಗೆ ಪರದೆಯಲ್ಲಿ ಕಾಣುವುದು ಮೂಲೆಯಲ್ಲಿ, ಮೂರನೆಯ ಒಂದು ಎತ್ತರದಲ್ಲಿ. ಫಿಲ್ಟರ್ ಕೆಲಸ ಮಾಡುವುದು ಕ್ಯಾಮೆರಾದ ಪೂರ್ಣ ಗಾತ್ರದ ಮೇಲೆ, ಕುಗ್ಗಿಸುವುದು ಆಮೇಲೆ. ಆದ್ದರಿಂದ ಕ್ಯಾಮೆರಾವನ್ನು `MJPEG` ನಲ್ಲೇ 1920×1080 ಕ್ಕೆ ಏರಿಸಿ ಮುನ್ನೋಟದಲ್ಲಿ ಕುಗ್ಗಿಸಿದೆವು. ಎರಡು ಪಿಕ್ಸೆಲಿನ ಗೆರೆ ಮೂರು ಪಟ್ಟು ಕುಗ್ಗಿ ಒಂದು ಪಿಕ್ಸೆಲಿಗಿಂತ ತೆಳುವಾಯಿತು. ಮೊದಲು ಅವರು 720 ರಲ್ಲಿ ತೆಗೆಯುತ್ತಿದ್ದರು, ಕುಗ್ಗುತ್ತಿದ್ದುದು ಕಡಿಮೆ. ಪರದೆ ತುಂಬ ನಿಲ್ಲುವವರಿಗೆ ಈ ಉಪಾಯದ ಲಾಭ ಸಿಗುವುದಿಲ್ಲ. ಅವರ ಅಂಚಿನಲ್ಲಿ ಒಂದೆಳೆಯ ಗೆರೆ ಸ್ವಲ್ಪ ಉಳಿಯುತ್ತದೆ, ಅದನ್ನು ಸ್ಪಿಲ್ ಸ್ಲೈಡರ್ ಬೂದಿಯಾಗಿಸಿದರೆ ಅಷ್ಟೇ ಸಮಾಧಾನ.

ಅದೇ `Properties` ನಲ್ಲಿ `Configure Video` ಒತ್ತಿದರೆ ಕ್ಯಾಮೆರಾದ ಸ್ವಂತ ಹೊಂದಿಕೆಗಳು ತೆರೆಯುತ್ತವೆ. ಅಲ್ಲಿ ಬಿಳಿ ಸಮತೋಲನ ಮತ್ತು ಎಕ್ಸ್‌ಪೋಷರ್ ಎರಡರ ಸ್ವಯಂಚಾಲಿತ ಗುರುತನ್ನೂ ತೆಗೆಯಿರಿ. ಬಿಳಿ ಹಾಳೆಯನ್ನು ಕ್ಯಾಮೆರಾಕ್ಕೆ ತೋರಿಸಿದ ಕೂಡಲೇ ಇಡೀ ಕೋಣೆ ಕಪ್ಪಿಡುವುದು, ಹತ್ತು ನಿಮಿಷದ ನಂತರ ಹಸಿರು ಮತ್ತೆ ಇಣುಕುವುದು ಇವುಗಳಿಂದಲೇ. ನಮ್ಮ ಕರೆಂಟಿಗೆ ತಕ್ಕಂತೆ ವಿದ್ಯುತ್ ಆವರ್ತನ 50 ಹರ್ಟ್ಸ್ ಇರಲಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. `Sharpness` ಅನ್ನು ಕಣ್ಣಿಗೆ ಒಗ್ಗುವಷ್ಟು ಇಳಿಸಿ. ಅದು ಅಂಚುಗಳ ಸುತ್ತ ಕೃತಕವಾಗಿ ಗೆರೆ ಬರೆಯುತ್ತದೆ, ಆ ಗೆರೆಗೆ ಬಟ್ಟೆಯ ಬಣ್ಣ ಹತ್ತಿರುತ್ತದೆ. ಇಳಿಸಿದೊಡನೆ ಭುಜದ ಮೇಲಿನ ಗೆರೆ ಅರ್ಧಕ್ಕೆ ಇಳಿದದ್ದನ್ನು ಅತ್ತಿಗೆಯೇ ಮೊದಲು ಗುರುತಿಸಿದರು.

ಈಗ ಸ್ಲೈಡರುಗಳು

ಮೂರನ್ನೂ ಒಂದೇ ಹೊತ್ತಿಗೆ ಅಲುಗಾಡಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. `Smoothness` ಮತ್ತು ಸ್ಪಿಲ್ ಎರಡನ್ನೂ 1 ಕ್ಕೆ ಇಳಿಸಿ ಆರಂಭಿಸಿ. ಅಂಚು ಕತ್ತರಿಯಿಂದ ಕತ್ತರಿಸಿದಂತೆ ಒರಟಾಗಿ ಕಾಣುತ್ತದೆ, ಕಾಣಲಿ. `Similarity` ಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಬನ್ನಿ. ಬಟ್ಟೆಯ ಕೊನೆಯ ತೇಪೆ ಮಾಯವಾದ ಕಡೆ ನಿಲ್ಲಿಸಿ, ಹತ್ತಿಪ್ಪತ್ತು ಹೆಚ್ಚು ಕೊಟ್ಟು ಬಿಡಿ. ನಂತರ `Smoothness` ಏರಿಸಿ. ಬಿಡಿ ಕೂದಲೆಳೆಗಳು ಮೆತ್ತಗಾಗುವವರೆಗೆ ಸಾಕು, ಹೆಚ್ಚಾದರೆ ಮೈ ಸುತ್ತ ಮಂಜಿನ ಪ್ರಭಾವಳಿ ಕಟ್ಟುತ್ತದೆ. ಸ್ಪಿಲ್ ಅನ್ನು ಕೊನೆಗೆ, ಕೆನ್ನೆಯ ಮೇಲೆ ಕಣ್ಣಿಟ್ಟು ಏರಿಸಿ, ಅಂಚಿನ ಮೇಲಲ್ಲ. ತುಟಿ ಮಂಕಾಯಿತೆನಿಸಿದರೆ ಒಂದು ಹೆಜ್ಜೆ ಹಿಂದೆ. ನಮ್ಮ ಕೋಣೆಯಲ್ಲಿ ನಿಂತದ್ದು ಇಲ್ಲಿ:

```
Key Color Type            : Green
Similarity                : 340
Smoothness                : 60
Key Color Spill Reduction : 190
```

ಮೊತ್ತಗಳು 400 ಮತ್ತು 530, ಎರಡೂ ಗಡಿಯೊಳಗೆ. ಮುಖದ ಬಣ್ಣ ತಿದ್ದಲು `Color Correction` ಫಿಲ್ಟರ್ ಬೇಕೆನಿಸಿದರೆ ಅದನ್ನು ಪಟ್ಟಿಯಲ್ಲಿ ಕ್ರೋಮಾ ಕೀಯ ಕೆಳಗೆ ಇಡಿ. ಫಿಲ್ಟರುಗಳು ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತವೆ. ಮೇಲಿಟ್ಟರೆ ಬಟ್ಟೆಯ ಬಣ್ಣವೂ ಬದಲಾಗಿ ಅಳತೆಯೆಲ್ಲ ಮತ್ತೆ ಮೊದಲಿನಿಂದ.

ಒಂದು ಎಚ್ಚರಿಕೆ. ಬಟ್ಟೆಯದೇ ಬಣ್ಣವನ್ನು `Custom` ನಲ್ಲಿ ಕೊಡುವುದು ಒಳ್ಳೆಯದೆಂದು ಹಲವರು ಹೇಳುತ್ತಾರೆ. ಕೊಡಬಹುದು, ಆದರೆ ಆಗ ದೂರಗಳೆಲ್ಲ ಬದಲಾಗುತ್ತವೆ. ಮೊದಲು ಅಳೆದ 60, 140, 70 ಅನ್ನು ಕೊಟ್ಟಿದ್ದರೆ ಬಿಳಿ, ಬೂದಿ, ಕಪ್ಪು ಅದರಿಂದ ಸುಮಾರು 155 ದೂರದಲ್ಲಷ್ಟೇ ಇರುತ್ತಿದ್ದವು. 400 ಹಾಗೆಯೇ ಇದ್ದರೆ ವ್ಯಕ್ತಿಯೇ ಪೂರ್ತಿ ಮಾಯ. `Custom` ಗೆ ಬದಲಾಯಿಸಿದ ಕೂಡಲೇ `Similarity` ಯನ್ನು ನೂರರೊಳಗೆ ಇಳಿಸಿ, ಅಲ್ಲಿಂದ ಮತ್ತೆ ಏರಿಸಿ.

ಉಳಿದದ್ದು ಬಳೆ

ಹಸಿರು ಗಾಜಿನ ಬಳೆಯ ಬಣ್ಣ ಅಳೆದರೆ ಅಚ್ಚ ಹಸಿರಿನಿಂದ ಸುಮಾರು 350. ಬಟ್ಟೆಯ ಮಂಕು ಜಾಗ 315. ಇವೆರಡರ ನಡುವೆ ಗಡಿ ಎಳೆಯುವಷ್ಟು ಜಾಗವಿಲ್ಲ. 340 ಕ್ಕೆ ಇಳಿಸಿದರೂ ಬಳೆ ಗಾಜಿನ ನೆರಳಿನಂತೆ ಕಂಡಿತೇ ಹೊರತು ಬಳೆಯಾಗಿ ಕಾಣಲಿಲ್ಲ. ಮಲ್ಲಿಗೆಯ ಜೊತೆ ಕಟ್ಟಿದ ಮರುಗಕ್ಕೂ, ಹಸಿರು ಸೆರಗಿಗೂ ಇದೇ ಗತಿ. ಇದು ಹೊಂದಿಕೆಯ ದೋಷವಲ್ಲ, ಬಟ್ಟೆಯ ಬಣ್ಣದ ಆಯ್ಕೆಯದು.

"ಬಳೆ ತೆಗೆದಿಟ್ಟು ಪಾಠ ಮಾಡುವುದಿಲ್ಲ" ಎಂದರು ಅತ್ತಿಗೆ. ಅದು ನ್ಯಾಯವೇ. ಮಿನುಗಿಲ್ಲದ ನೀಲಿ ಹತ್ತಿ ಬಟ್ಟೆ ತಂದು ಅದೇ ಜಾಗಕ್ಕೆ ಕಟ್ಟಿದೆವು. ನೀಲಿ ಬಟ್ಟೆ ಹಸಿರಿಗಿಂತ ಹೆಚ್ಚು ಬೆಳಕು ಬೇಡುತ್ತದೆ. ಸಾಮಾನ್ಯ ಕ್ಯಾಮೆರಾ ಸಂವೇದಕದಲ್ಲಿ ಒಂದು ನೀಲಿ ಕಣ್ಣಿಗೆ ಎರಡು ಹಸಿರು ಕಣ್ಣುಗಳಿರುವುದರಿಂದ, ಬೆಳಕು ಕಡಿಮೆಯಾದರೆ ನೀಲಿಯಲ್ಲಿ ಚುಕ್ಕೆಗಳು ಕುಣಿಯುವುದು ಹೆಚ್ಚು. ಬಟ್ಟೆಯ ಎರಡೂ ಬಲ್ಬುಗಳನ್ನು ದೊಡ್ಡದಕ್ಕೆ ಬದಲಿಸಿದೆವು. ಬಟ್ಟೆ 40, 80, 170 ಎಂದು ಬಂದಿತು. ಅದನ್ನೇ `Custom` ನಲ್ಲಿ ಕೊಟ್ಟೆವು. ಆ ನೀಲಿಯಿಂದ ಬೂದಿ ಸುಮಾರು 190 ದೂರ, ಹಸಿರು ಬಳೆ 265, ಮೈಬಣ್ಣ 280. ಈ ಸಲ ಎಲ್ಲಕ್ಕೂ ಜಾಗವಿತ್ತು:

```
Key Color Type            : Custom
Similarity                : 110
Smoothness                : 50
Key Color Spill Reduction : 90
```

ಒಂದೇ ಕ್ಯಾಮೆರಾಕ್ಕೆ ಎರಡು ಕ್ರೋಮಾ ಕೀ ಫಿಲ್ಟರುಗಳನ್ನು ಇಡಬಹುದು. ಹಸಿರಿನದಕ್ಕೊಂದು ಹೆಸರು, ನೀಲಿಯದಕ್ಕೊಂದು ಹೆಸರು ಕೊಟ್ಟು, ಬೇಡದ್ದರ ಕಣ್ಣನ್ನು ಮುಚ್ಚಿಟ್ಟಿದ್ದೇವೆ. ನೀಲಿ ಸೀರೆ ಉಡುವ ದಿನ ಅತ್ತಿಗೆ ಬಟ್ಟೆ ಬದಲಿಸಿ, ಬಳೆಯ ಮೇಲೆ ಉದ್ದ ತೋಳಿನ ಕುಪ್ಪಸ ತೊಟ್ಟು, ಹಸಿರಿನ ಕಣ್ಣನ್ನು ತೆರೆಯುತ್ತಾರೆ.